ಹಳೆಯ ಇನ್‌ವಾಯ್ಸಿಗೆ ಇವತ್ತಿನ ಡಾಲರ್ ರೇಟು: ನಿಮ್ಮ ಶೀಟಿಗೆ ಯಾವ ಪದ್ಧತಿ ಸರಿ?

ಮೈಸೂರಿನಲ್ಲಿ ಡಾಲರಿನಲ್ಲಿ ಬಿಲ್ ಹಾಕುವವರು ಕಡಿಮೆ ಇಲ್ಲ. ಊದುಬತ್ತಿಯನ್ನು ಹೊರದೇಶಕ್ಕೆ ಕಳಿಸುವ ಸಣ್ಣ ಘಟಕಗಳಿವೆ. ಮನೆಯಲ್ಲೇ ಕೂತು ಹೊರಗಿನ ಕಂಪನಿಗಳಿಗೆ ಕೋಡ್ ಬರೆದುಕೊಡುವವರಿದ್ದಾರೆ. ಗೋಕುಲಂ ಕಡೆ ಯೋಗ ಕಲಿಯಲು ಬರುವವರಿಂದ ಯೂರೋದಲ್ಲೋ ಡಾಲರಿನಲ್ಲೋ ಮುಂಗಡ ಪಡೆಯುವವರಿದ್ದಾರೆ. ಇಂಥವರಲ್ಲಿ ಬಹಳ ಜನ ಲೆಕ್ಕ ಇಡುವುದು ಗೂಗಲ್ ಶೀಟಿನಲ್ಲಿ. ಅದರ ರೂಪಾಯಿ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಸಾಮಾನ್ಯವಾಗಿ ಕಾಣಿಸುವ ಸೂತ್ರ ಇದು:

```
=C2*GOOGLEFINANCE("CURRENCY:USDINR")
```

ಈ ಸೂತ್ರದಲ್ಲಿ ದಿನಾಂಕವೇ ಇಲ್ಲ. ದಿನಾಂಕ ಕೊಡದಿದ್ದರೆ ಅದು ಈ ಹೊತ್ತಿನ ದರವನ್ನು ತರುತ್ತದೆ. ಇವತ್ತು ಬರೆದ ಸಾಲಿಗೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ 2022ರ ಫೆಬ್ರವರಿಯ ಸಾಲಿಗೂ ಅದೇ ದರ ಬೀಳುತ್ತದೆ, ನಾಳೆ ಶೀಟ್ ತೆರೆದಾಗ ಎಲ್ಲ ಸಾಲಿಗೂ ನಾಳೆಯ ದರ ಬೀಳುತ್ತದೆ. ಏಪ್ರಿಲ್‌ನಲ್ಲಿ ಸಾಲದ ಅರ್ಜಿಗೆಂದು ಬ್ಯಾಂಕಿಗೆ ಕೊಟ್ಟ ಹಳೆಯ ವರ್ಷದ ಮೊತ್ತ ಒಂದು, ಅಕ್ಟೋಬರಿನಲ್ಲಿ ಆಡಿಟರ್ ಕೈಗೆ ಹೋದದ್ದು ಇನ್ನೊಂದು. ನಡುವೆ ಯಾರೂ ಒಂದು ಸಾಲನ್ನೂ ಮುಟ್ಟಿಲ್ಲ. "ಏನ್ ಸಾರ್, ಮುಗಿದ ವರ್ಷದ ವ್ಯಾಪಾರ ಹೇಗೆ ಜಾಸ್ತಿ ಆಯ್ತು?" ಎಂದು ಆಡಿಟರ್ ಕೇಳಿದರೆ ಉತ್ತರ ಹೇಳುವುದು ಕಷ್ಟ, ಯಾಕೆಂದರೆ ತಪ್ಪು ಯಾವ ಸಾಲಿನಲ್ಲೂ ಎದ್ದು ಕಾಣುವುದಿಲ್ಲ.

ಡೇರಿ ಪುಸ್ತಕ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂರು ವರ್ಷದ ಹಿಂದೆ ಹಾಕಿದ ಹಾಲಿಗೆ ಅಂದಿನ ರೇಟಿನಲ್ಲಿ ಬಟವಾಡೆ ಆಗಿಹೋಗಿದೆ. ಇವತ್ತು ಲೀಟರಿಗೆ ರೇಟು ಏರಿತೆಂದು ಹಳೆಯ ಪುಟದ ಮೊತ್ತವನ್ನು ಯಾರೂ ತಿದ್ದುವುದಿಲ್ಲ.

ಎರಡು ವರ್ಷ ಹೋಲಿಸಿದಾಗ ಆಗುವ ಅನಾಹುತ

ಒಟ್ಟು ಮೊತ್ತ ಸ್ವಲ್ಪ ಹೆಚ್ಚು ಕಂಡರೆ ಏನು ಮಹಾ ಎಂದು ಕೆಲವರಿಗೆ ಅನ್ನಿಸಬಹುದು. ವರ್ಷ ವರ್ಷ ಹೋಲಿಸಿ ನೋಡಿದರೆ ತಪ್ಪಿನ ಗಾತ್ರ ತಿಳಿಯುತ್ತದೆ. ಒಂದು ಊದುಬತ್ತಿ ಘಟಕ 2021-22ರಲ್ಲಿ 40,000 ಡಾಲರಿನ ಮಾಲು ಕಳಿಸಿತು, 2023-24ರಲ್ಲಿ 38,000 ಡಾಲರಿನದು ಎಂದಿಟ್ಟುಕೊಳ್ಳಿ. ಆ ಎರಡು ವರ್ಷಗಳಲ್ಲಿ ಡಾಲರಿನ ಸರಾಸರಿ ಬೆಲೆ ಸುಮಾರು 74.50 ಮತ್ತು 82.80 ರೂಪಾಯಿ ಇತ್ತು. ಈಗ ಅದೇ ವ್ಯಾಪಾರವನ್ನು ಡಾಲರ್ 85 ಇದ್ದ ದಿನವೊಮ್ಮೆ, 88 ಇದ್ದ ದಿನವೊಮ್ಮೆ ಶೀಟ್ ತೆರೆದು ನೋಡೋಣ.

| ವರ್ಷ | ಡಾಲರ್ | ಅಂದಿನ ದರದಲ್ಲಿ | 85ರ ದಿನ ತೆರೆದರೆ | 88ರ ದಿನ ತೆರೆದರೆ |
|---|---|---|---|---|
| 2021-22 | 40,000 | ₹29,80,000 | ₹34,00,000 | ₹35,20,000 |
| 2023-24 | 38,000 | ₹31,46,400 | ₹32,30,000 | ₹33,44,000 |

ಮೊದಲ ರೂಪಾಯಿ ಕಾಲಂ ನೋಡಿ. ಮಾಲು ಕಡಿಮೆ ಹೋದರೂ ರೂಪಾಯಿಯಲ್ಲಿ ವಹಿವಾಟು 1,66,400ರಷ್ಟು, ಅಂದರೆ ಶೇಕಡಾ 5.6ರಷ್ಟು ಏರಿದೆ. ಕೂಲಿ, ಇದ್ದಿಲು ಪುಡಿ, ಸುಗಂಧದ ಎಣ್ಣೆ, ಪ್ಯಾಕಿಂಗ್ ಎಲ್ಲಕ್ಕೂ ಕೊಡುವುದು ರೂಪಾಯಿ, ಆದ್ದರಿಂದ ಮಾಲೀಕರಿಗೆ ಬೇಕಾದ ಸಂಖ್ಯೆ ಇದೇ. ಉಳಿದ ಎರಡು ಕಾಲಂಗಳಲ್ಲಿ ವಹಿವಾಟು ಶೇಕಡಾ 5 ಇಳಿದಿದೆ. ಏರಿಕೆ ಇದ್ದಲ್ಲಿ ಇಳಿಕೆ ಕಾಣಿಸಿತು, ಜೊತೆಗೆ 2021-22ಕ್ಕೆ ಬಾರದ ನಾಲ್ಕೈದು ಲಕ್ಷ ರೂಪಾಯಿ ಬಂದಂತೆ ದಾಖಲಾಯಿತು. ರೂಪಾಯಿ ಸವೆಯುತ್ತಾ ಬಂದ ಕಾಲದಲ್ಲಿ ಈ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುತ್ತದೆ. ಸಾಲು ಹಳೆಯದಾದಷ್ಟೂ ಅದು ಹೆಚ್ಚು ಉಬ್ಬುತ್ತದೆ, ಹಾಗಾಗಿ ವ್ಯಾಪಾರ ಹಿಂದೆ ಚೆನ್ನಾಗಿತ್ತು ಈಗ ಸೊರಗಿದೆ ಎಂಬ ಭಾವನೆ ಲೆಕ್ಕದಿಂದಲೇ ಹುಟ್ಟುತ್ತದೆ. ಡಾಲರಿನಲ್ಲಿ ಖರ್ಚು ಮಾಡುವವರಿಗೆ, ಉದಾಹರಣೆಗೆ ಸರ್ವರ್ ಬಾಡಿಗೆ ಕಟ್ಟುವವರಿಗೆ, ಹಳೆಯ ಖರ್ಚು ಉಬ್ಬುತ್ತದೆ.

ನಿಮ್ಮ ಶೀಟಿನಲ್ಲಿ ಇದು ಇದೆಯೇ ಎಂದು ತಿಳಿಯಲು ಒಂದು ಖಾಲಿ ಕಾಲಂನಲ್ಲಿ ಪ್ರತಿ ಸಾಲಿನ ರೂಪಾಯಿಯನ್ನು ಡಾಲರಿನಿಂದ ಭಾಗಿಸಿ. ಬೇರೆ ಬೇರೆ ತಿಂಗಳ ಸಾಲುಗಳಲ್ಲಿ ಒಂದೇ ಉತ್ತರ ಬಂದರೆ ಅಂದಿನ ದರ ಎಲ್ಲೂ ಇಲ್ಲ. ಸೂತ್ರ ಇಲ್ಲದ, ರೆಡಿಮೇಡ್ ತಂತ್ರಾಂಶದ ವರದಿಗೂ ಈ ಪರೀಕ್ಷೆ ನಡೆಯುತ್ತದೆ. ಹಳೆಯ ಪಿಡಿಎಫ್ ಪ್ರತಿ ಇದ್ದರೆ ಇನ್ನೂ ಒಳ್ಳೆಯದು. ಈಗಿನ ಮೊತ್ತವನ್ನು ಅದರಲ್ಲಿರುವ ಮೊತ್ತದಿಂದ ಭಾಗಿಸಿದಾಗ ಎಲ್ಲ ವರ್ಷಕ್ಕೂ ಒಂದೇ ಅನುಪಾತ, ಮೇಲಿನ ಪಟ್ಟಿಯಲ್ಲಾದರೆ 1.035, ಬಂದರೆ ಬದಲಾದದ್ದು ವ್ಯಾಪಾರ ಅಲ್ಲ, ದರ.

ಇದಕ್ಕೆ ಬದಲಾಗಿ ಬಳಸಬಹುದಾದ ಪದ್ಧತಿಗಳು ಮುಖ್ಯವಾಗಿ ಮೂರು: ದರವನ್ನು ಆಯಾ ಸಾಲಿನಲ್ಲೇ ಬರೆದಿಡುವುದು, ದಿನಾಂಕವಾರು ದರಪಟ್ಟಿ ಇಟ್ಟುಕೊಂಡು ಹುಡುಕಿಸುವುದು, ತಿಂಗಳ ಸರಾಸರಿ ಹಿಡಿಯುವುದು. ಇವತ್ತಿನ ದರಕ್ಕೂ ಒಂದು ನ್ಯಾಯವಾದ ಜಾಗ ಇದೆ, ಅದನ್ನು ಕೊನೆಯ ಕಡೆ ಹೇಳುತ್ತೇನೆ.

ದರವನ್ನು ಸಾಲಿನಲ್ಲೇ ಬರೆದಿಡುವುದು

ತಿಂಗಳಿಗೆ ಹತ್ತಿಪ್ಪತ್ತು ವಹಿವಾಟು ಇರುವವರಿಗೆ ನಾನು ಹೇಳುವುದು ಇದನ್ನೇ. ಸೂತ್ರದ ಚಮತ್ಕಾರ ಇಲ್ಲ, ಇಂಟರ್‌ನೆಟ್ ಬೇಕಿಲ್ಲ, ಐದು ವರ್ಷ ಬಿಟ್ಟು ತೆರೆದರೂ ಒಂದು ಪೈಸೆ ಕದಲುವುದಿಲ್ಲ. ಪ್ರತಿ ಸಾಲಿನಲ್ಲಿ ದಿನಾಂಕ, ಕರೆನ್ಸಿ, ಡಾಲರ್ ಮೊತ್ತ, ದರ, ದರದ ಮೂಲ, ರೂಪಾಯಿ, ಇಷ್ಟು ಕಾಲಂ ಸಾಕು. ದರ ಎಂಬುದು ಬೆರಳಿನಿಂದ ಟೈಪ್ ಮಾಡಿದ ಸಂಖ್ಯೆಯಾಗಿರಬೇಕು. ರೂಪಾಯಿ ಮಾತ್ರ ಗುಣಾಕಾರದ ಸೂತ್ರ. ಡಾಲರ್ ಮೊತ್ತವನ್ನು ಯಾವ ಕಾರಣಕ್ಕೂ ಅಳಿಸಬಾರದು. ರೂಪಾಯಿ ಮಾತ್ರ ಉಳಿಸಿಕೊಂಡರೆ ಮುಂದೆ ದರ ತಪ್ಪೆಂದು ಗೊತ್ತಾದಾಗ ತಿದ್ದಲು ಬುಡವೇ ಇರುವುದಿಲ್ಲ.

ಕೂಡಲೇ ಹಣ ಬರುವವರಿಗೆ ಇಷ್ಟರಲ್ಲೇ ಕೆಲಸ ಮುಗಿಯಿತು. ಕುವೆಂಪುನಗರದ ಮನೆಯಿಂದ ಕೆಲಸ ಮಾಡಿ ತಿಂಗಳಿಗೊಮ್ಮೆ ಡಾಲರ್ ಪಡೆಯುವವರು ಬ್ಯಾಂಕ್ ಕೊಡುವ ಒಳಬರುವ ಹಣದ ಅಡ್ವೈಸ್‌ನಲ್ಲಿರುವ ದರವನ್ನು ಬರೆದುಕೊಂಡರಾಯಿತು. ಮಾಲು ಕಳಿಸಿ ಎರಡು ಮೂರು ತಿಂಗಳು ಕಾಯುವವರಿಗೆ ಮಾತ್ರ ಒಂದು ವಹಿವಾಟಿಗೆ ಒಂದಕ್ಕಿಂತ ಹೆಚ್ಚು ದಿನಾಂಕ ಇರುತ್ತದೆ. ಗೊಂದಲ ಹುಟ್ಟುವುದು ಇಲ್ಲಿಯೇ, ಆದ್ದರಿಂದ ಒಂದು ಇನ್‌ವಾಯ್ಸನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸೋಣ. ದರಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಾಗಿಸಿದ್ದೇನೆ.

2022ರ ಫೆಬ್ರವರಿ 10ರಂದು 5,000 ಡಾಲರಿನ ಇನ್‌ವಾಯ್ಸ್. ಅಂದಿನ ದರ 75. ಮಾರಾಟ ಎಂದು ಪುಸ್ತಕಕ್ಕೆ ಹೋಗುವುದು 3,75,000 ರೂಪಾಯಿ, ಮತ್ತು ಆ ಸಂಖ್ಯೆ ಮುಂದೆ ಏನೇ ಆದರೂ ಬದಲಾಗುವುದಿಲ್ಲ. ಮಾರ್ಚ್ 31ಕ್ಕೆ ಹಣ ಇನ್ನೂ ಬಂದಿಲ್ಲ. ಲೆಕ್ಕಪತ್ರ ಮಾನದಂಡ ಎಎಸ್ 11 ಹೇಳುವ ಪ್ರಕಾರ ಬರಬೇಕಾದ ಬಾಕಿಯನ್ನು ವರ್ಷದ ಕೊನೆಯ ದಿನದ ದರಕ್ಕೆ ತರಬೇಕು. ಅಂದು 75.80. ಬಾಕಿ 3,79,000 ಆಯಿತು. ಹೆಚ್ಚಾದ 4,000 ರೂಪಾಯಿ ವಿನಿಮಯ ಲಾಭ ಎಂಬ ಬೇರೆ ತಲೆಬರಹಕ್ಕೆ ಹೋಗುತ್ತದೆ, ಮಾರಾಟಕ್ಕೆ ಸೇರುವುದಿಲ್ಲ. ಮೇ 18ರಂದು ಹಣ ಬಂತು, ಬ್ಯಾಂಕ್ ಕೊಟ್ಟ ದರ 77.20. ಐದು ಸಾವಿರ ಡಾಲರ್ ತೀರಿದ್ದು 3,86,000ಕ್ಕೆ. ಇನ್ನೂ 7,000 ವಿನಿಮಯ ಲಾಭ, ಆದರೆ ಇದು 2022-23ರ ಲಾಭ.

ಈಗ ಇದನ್ನೇ ಡಾಲರ್ 88 ಇರುವ ದಿನ ಮೊದಲಿನ ಸೂತ್ರದ ಶೀಟಿನಲ್ಲಿ ನೋಡಿದರೆ ಮಾರಾಟ 4,40,000. ಬ್ಯಾಂಕಿಗೆ ಬಂದದ್ದಕ್ಕಿಂತ 54,000 ಹೆಚ್ಚು. ಮಾರಾಟ ಎಷ್ಟು, ವಿನಿಮಯದಿಂದ ಗಳಿಸಿದ್ದು ಎಷ್ಟು, ಅದು ಯಾವ ವರ್ಷದ್ದು ಎಂಬ ಮೂರೂ ಸಂಗತಿ ಕಲಸಿಹೋಗಿವೆ.

ಬ್ಯಾಂಕಿನ ದರ ಬರೆಯುವಾಗ ಒಂದು ಎಚ್ಚರಿಕೆ ಬೇಕು. ಮೇಲಿನ ಹಣ ಬರುವ ದಾರಿಯಲ್ಲಿ ನಡುವಿನ ಬ್ಯಾಂಕು 25 ಡಾಲರ್ ಹಿಡಿದುಕೊಂಡು 4,975 ಕಳಿಸಿತು ಎನ್ನಿ. 77.20ರಂತೆ ಅದು 3,84,070 ರೂಪಾಯಿ. ಇಲ್ಲಿನ ಬ್ಯಾಂಕು ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90 ಕಳೆದು ಖಾತೆಗೆ 3,83,480 ಜಮಾ ಮಾಡಿತು. ಪಾಸ್‌ಬುಕ್ ಮಾತ್ರ ನೋಡಿದವರು ಇದನ್ನು 5,000ದಿಂದ ಭಾಗಿಸಿ ದರ 76.70 ಎಂದು ಬರೆದುಬಿಡುತ್ತಾರೆ. ಅದು ದರವೇ ಅಲ್ಲ. ಬ್ಯಾಂಕಿನ ಖರ್ಚು 2,520 ರೂಪಾಯಿ ದರದೊಳಗೆ ಅಡಗಿ ಕೂತಿದೆ. ಖರ್ಚಿಗೆ ಖರ್ಚಿನ ಸಾಲು, ದರಕ್ಕೆ ಅಡ್ವೈಸ್‌ನಲ್ಲಿ ಅಚ್ಚಾದ 77.20. ಹೀಗೆ ಬಿಡಿಸಿಟ್ಟರೆ ಯಾವ ಬ್ಯಾಂಕು, ಯಾವ ಪಾವತಿ ಸೇವೆ ನಿಜಕ್ಕೂ ದುಬಾರಿ ಎಂಬುದೂ ವರ್ಷದ ಕೊನೆಗೆ ಗೊತ್ತಾಗುತ್ತದೆ.

ಈ ಪದ್ಧತಿಯ ದೌರ್ಬಲ್ಯ ಕೈಬರಹದ್ದು. 75.80 ಬರೆಯುವಲ್ಲಿ 78.50 ಬರೆದರೆ ಶೀಟ್ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಹಿಂದಿನ ಸಾಲಿನ ದರಕ್ಕಿಂತ ಎರಡು ರೂಪಾಯಿಗೂ ಹೆಚ್ಚು ವ್ಯತ್ಯಾಸ ಬಂದರೆ ಬಣ್ಣ ಬದಲಾಗುವಂತೆ ಒಂದು ನಿಯಮ ಹಾಕಿಟ್ಟರೆ ಬಹುಪಾಲು ಕೈತಪ್ಪು ಸಿಕ್ಕಿಬೀಳುತ್ತದೆ.

ದಿನಾಂಕವಾರು ದರಪಟ್ಟಿ

ದಿನಕ್ಕೆ ಹಲವು ಪಾವತಿ, ಎರಡು ಮೂರು ಕರೆನ್ಸಿ ಇದ್ದಾಗ ಪ್ರತಿ ದರವನ್ನು ಕೈಯಲ್ಲಿ ಬರೆಯುವುದು ಆಗದ ಮಾತು. ಆಗ `rates` ಎಂಬ ಬೇರೆ ಹಾಳೆ ಮಾಡಿ, ಒಂದು ಕಾಲಂನಲ್ಲಿ ದಿನಾಂಕ, ಪಕ್ಕದಲ್ಲಿ ಅಂದಿನ ದರ ಇಟ್ಟು, ವಹಿವಾಟಿನ ಸಾಲಿನಿಂದ ಅದನ್ನು ಹುಡುಕಿಸಬೇಕು. ದರಕ್ಕೆ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ, ಅಂದರೆ ಎಫ್‌ಬಿಐಎಲ್, ಪ್ರಕಟಿಸುವ ಉಲ್ಲೇಖ ದರ ಒಳ್ಳೆಯ ಆಧಾರ. 2018ರ ಜುಲೈವರೆಗೆ ರಿಸರ್ವ್ ಬ್ಯಾಂಕೇ ಕೊಡುತ್ತಿದ್ದ ದರ ಈಗ ಅಲ್ಲಿಂದ ಬರುತ್ತದೆ. ಜಪಾನಿ ಯೆನ್‌ಗೆ ಕೊಡುವ ದರ ಮಾತ್ರ 100 ಯೆನ್‌ಗೆ, ಒಂದಕ್ಕಲ್ಲ.

ಶನಿವಾರ, ಭಾನುವಾರ, ಮುಂಬೈ ಮಾರುಕಟ್ಟೆಯ ರಜೆಯಂದು ಹೊಸ ದರ ಬರುವುದಿಲ್ಲ. ನವೆಂಬರ್ 1ಕ್ಕೆ ನಮ್ಮಲ್ಲಿ ರಾಜ್ಯೋತ್ಸವದ ರಜೆ, ಮುಂಬೈಗೆ ಅದು ಸಾಮಾನ್ಯವಾಗಿ ಕೆಲಸದ ದಿನ. ಗಣೇಶನ ಹಬ್ಬಕ್ಕೆ ಇಬ್ಬರಿಗೂ ರಜೆ. ಹಾಗಾಗಿ ಇಲ್ಲಿನ ಕ್ಯಾಲೆಂಡರ್ ನೋಡಿ ದರಪಟ್ಟಿ ತುಂಬಿಸಲು ಹೋಗಬೇಡಿ. ದರ ಇಲ್ಲದ ದಿನಕ್ಕೆ ಅದರ ಹಿಂದಿನ ಕೆಲಸದ ದಿನದ ದರ ಸಿಗುವಂತೆ ಸೂತ್ರ ಬರೆಯಬೇಕು:

```
=VLOOKUP(B2, rates!A:B, 2, TRUE)
```

ಇಲ್ಲಿ `B2` ವಹಿವಾಟಿನ ದಿನಾಂಕ. ಕೊನೆಯ `TRUE` ಎಂದರೆ ಅದೇ ದಿನಾಂಕ ಸಿಗದಿದ್ದರೆ ಅದಕ್ಕೆ ಹಿಂದಿನದನ್ನು ತೆಗೆದುಕೋ ಎಂದರ್ಥ. `FALSE` ಹಾಕಿದರೆ ಭಾನುವಾರದ ಸಾಲುಗಳೆಲ್ಲ `#N/A` ಆಗುತ್ತವೆ. `TRUE` ಕೆಲಸ ಮಾಡಬೇಕಾದರೆ ದರಪಟ್ಟಿ ಹಳೆಯ ದಿನಾಂಕದಿಂದ ಹೊಸದಕ್ಕೆ ಏರುಕ್ರಮದಲ್ಲಿ ಇರಬೇಕು.

ಇದೇ ಸೌಕರ್ಯದೊಳಗೆ ಅಪಾಯವೂ ಇದೆ. ಜೂನ್ ಆದಮೇಲೆ ದರ ತುಂಬಿಸುವುದನ್ನು ಮರೆತಿದ್ದರೆ ನವೆಂಬರಿನ ವಹಿವಾಟಿಗೂ ಸೂತ್ರ ಜೂನ್ 30ರ ದರವನ್ನೇ ತಂದುಕೊಡುತ್ತದೆ, ದೂರು ಹೇಳುವುದಿಲ್ಲ. ಆದ್ದರಿಂದ ಸಿಕ್ಕ ದರ ಎಷ್ಟು ದಿನ ಹಳೆಯದು ಎಂದು ತೋರಿಸುವ ಕಾಲಂ ಒಂದು ಇರಲೇಬೇಕು:

```
=B2-VLOOKUP(B2, rates!A:A, 1, TRUE)
```

ಇಲ್ಲಿ 0 ಬರುವುದು ಸಹಜ. ವಾರಾಂತ್ಯಕ್ಕೆ ರಜೆ ಸೇರಿಕೊಂಡಾಗ 3 ಅಥವಾ 4 ಬರಬಹುದು. 5ಕ್ಕಿಂತ ಹೆಚ್ಚು ಬಂದರೆ ದರಪಟ್ಟಿಯಲ್ಲಿ ತೂತು ಇದೆ.

ಇನ್ನೊಂದು ತೊಂದರೆ ದಿನಾಂಕದ ಬರವಣಿಗೆಯದು. ಶೀಟಿನ ಲೊಕೇಲ್, ಅಂದರೆ ಯಾವ ದೇಶದ ರೂಢಿ ಎಂಬ ಸೆಟ್ಟಿಂಗ್, ಅಮೆರಿಕದ್ದಾಗಿದ್ದರೆ ನೀವು ಫೆಬ್ರವರಿ 10 ಎಂದುಕೊಂಡು ಬರೆದ `10/02/2022` ಅದಕ್ಕೆ ಅಕ್ಟೋಬರ್ 2. ಅಂದು ಭಾನುವಾರ, ಸೂತ್ರ ಹಿಂದೆ ಹೋಗಿ ಸೆಪ್ಟೆಂಬರ್ 30ರ ದರ ತರುತ್ತದೆ, ಅದು 81.50ರ ಸುಮಾರು. ನಮ್ಮ 5,000 ಡಾಲರಿನ ಇನ್‌ವಾಯ್ಸ್ ಒಂದರಲ್ಲೇ 32,500 ರೂಪಾಯಿ ವ್ಯತ್ಯಾಸ. 12ಕ್ಕಿಂತ ಮುಂದಿನ ತಾರೀಖುಗಳನ್ನು, ಉದಾಹರಣೆಗೆ `18/05/2022`, ಶೀಟ್ ದಿನಾಂಕ ಎಂದೇ ಒಪ್ಪದೆ ಬರೀ ಅಕ್ಷರವಾಗಿ ಇಟ್ಟುಕೊಳ್ಳುತ್ತದೆ, ಅಲ್ಲಿ ಸೂತ್ರ ದೋಷ ತೋರಿಸುತ್ತದೆ. ಅಂದರೆ ತಿಂಗಳ ಮೊದಲ 12 ದಿನಗಳ ಸಾಲುಗಳು ಸದ್ದಿಲ್ಲದೆ ತಪ್ಪಾಗುತ್ತವೆ, ಉಳಿದವು ಮಾತ್ರ ಕಣ್ಣಿಗೆ ಬೀಳುತ್ತವೆ. ಕಂಡವನ್ನು ಸರಿಪಡಿಸಿ ಕಾಣದವನ್ನು ಬಿಟ್ಟರೆ ಶೀಟ್ ಸರಿಯಾಯಿತೆಂಬ ಭ್ರಮೆ ಉಳಿಯುತ್ತದೆ. `File` > `Settings` ಒಳಗೆ `Locale` ಅನ್ನು `India` ಮಾಡಿ, ಹಳೆಯ ಸಾಲುಗಳಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಕಾಣುವ ಹಾಗೆ ದಿನಾಂಕದ ರೂಪ ಬದಲಿಸಿ, ಒಂದೊಂದನ್ನೂ ಇನ್‌ವಾಯ್ಸಿನ ಪ್ರತಿಯೊಂದಿಗೆ ತಾಳೆ ನೋಡಿ. ಲೊಕೇಲ್ ಬದಲಿಸಿದ ಮಾತ್ರಕ್ಕೆ ಆಗಲೇ ತಿರುವುಮುರುವಾದ ದಿನಾಂಕ ಸರಿಹೋಗುವುದಿಲ್ಲ.

ದರಪಟ್ಟಿ ತುಂಬಿಸುವ ಶ್ರಮವೇ ಬೇಡ ಎನ್ನುವವರು ಗೂಗಲ್‌ನಿಂದಲೇ ಅಂದಿನ ದರ ತರಿಸಬಹುದು:

```
=INDEX(GOOGLEFINANCE("CURRENCY:USDINR","price",B2),2,2)
```

ದಿನಾಂಕ ಕೊಟ್ಟಾಗ ಇದು ಒಂದು ಸಂಖ್ಯೆಯ ಬದಲು ತಲೆಬರಹದ ಸಾಲು ಸೇರಿದ ಪುಟ್ಟ ಪಟ್ಟಿ ಕೊಡುತ್ತದೆ, ಅದಕ್ಕೇ ಎರಡನೇ ಸಾಲು ಎರಡನೇ ಕಾಲಂ ಎಂದು `INDEX` ಬೇಕು. ಹಳೆಯ ದರವನ್ನು ಅಂದಾಜಿಗೆ ತಾಳೆ ನೋಡಲು ಇದು ಉಪಯೋಗಕ್ಕೆ ಬರುತ್ತದೆ. ಕಾಯಂ ಲೆಕ್ಕಕ್ಕೆ ಇದನ್ನು ನೆಚ್ಚಿಕೊಳ್ಳುವುದು ನನಗೆ ಇಷ್ಟವಿಲ್ಲ. ಕೆಲವು ದಿನಾಂಕಕ್ಕೆ `#N/A` ಬರುತ್ತದೆ, ನೂರಾರು ಸಾಲಿದ್ದರೆ ಶೀಟ್ ತೆರೆಯುವುದೇ ನಿಧಾನ, ಮತ್ತು ಆ ದರ ಬ್ಯಾಂಕಿನದೂ ಅಲ್ಲ, ಎಫ್‌ಬಿಐಎಲ್‌ನದೂ ಅಲ್ಲ. ಬಳಸಿದರೂ ದರ ಬಂದಕೂಡಲೇ `Ctrl+C` ಒತ್ತಿ ನಕಲು ಮಾಡಿ, ಅದೇ ಜಾಗದಲ್ಲಿ `Ctrl+Shift+V` ಒತ್ತಿ ಬರೀ ಸಂಖ್ಯೆಯಾಗಿ ಕೂರಿಸಿ, ಮೂಲದ ಕಾಲಂನಲ್ಲಿ ಗೂಗಲ್ ಎಂದು ಬರೆಯಿರಿ.

ಸ್ವಂತ ತಂತ್ರಾಂಶ ಬರೆಯುವವರಿಗೂ ಇದೇ ಮಾತು. ಡೇಟಾಬೇಸಿನಲ್ಲಿ ಒಂದು ಕರೆನ್ಸಿಗೆ ಒಂದೇ ಸಾಲು ಇಟ್ಟು ದಿನಾ ಅದನ್ನೇ ತಿದ್ದಿ ಬರೆದರೆ ನಿನ್ನೆಯ ದರ ಶಾಶ್ವತವಾಗಿ ಹೋಯಿತು, ಆಮೇಲೆ ವರದಿಯ ಕೋಡ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಕರೆನ್ಸಿ ಮತ್ತು ದಿನಾಂಕ ಎರಡೂ ಸೇರಿ ಕೀಲಿಯಾಗಬೇಕು, ದಿನಕ್ಕೊಂದು ಹೊಸ ಸಾಲು ಸೇರಬೇಕು. ಇನ್‌ವಾಯ್ಸ್ ಅಂತಿಮವಾದ ಕ್ಷಣದಲ್ಲಿ ಬಳಸಿದ ದರವನ್ನು ಇನ್‌ವಾಯ್ಸಿನ ಸಾಲಿಗೂ ನಕಲು ಮಾಡಿಡಬೇಕು. ದರಪಟ್ಟಿಯಲ್ಲಿ ಯಾರಾದರೂ ಮುಂದೆ ತಿದ್ದುಪಡಿ ಮಾಡಿದರೂ ಗ್ರಾಹಕರಿಗೆ ಹೋದ ಬಿಲ್ಲಿನ ಮೊತ್ತ ಆಗ ಬದಲಾಗುವುದಿಲ್ಲ.

ತಿಂಗಳ ಸರಾಸರಿ

ಇದಕ್ಕೆ ಎಎಸ್ 11 ಅಡ್ಡಿ ಹೇಳುವುದಿಲ್ಲ, ದರ ಹೆಚ್ಚು ಏರಿಳಿಯದ ವಾರ ಅಥವಾ ತಿಂಗಳಿಗೆ ಸರಾಸರಿ ಹಿಡಿಯಬಹುದು ಎನ್ನುತ್ತದೆ. ಸಣ್ಣ ಸಣ್ಣ ಪಾವತಿಗಳು ತಿಂಗಳಿಡೀ ಹರಡಿಕೊಂಡಿದ್ದರೆ ಸರಿ. 2022ರ ಸೆಪ್ಟೆಂಬರ್‌ನಂಥ ತಿಂಗಳಿಗೆ ಸಲ್ಲದು, ಆ ಒಂದೇ ತಿಂಗಳಲ್ಲಿ ಡಾಲರ್ 79.50ರ ಆಸುಪಾಸಿನಿಂದ 81.50ರ ಆಸುಪಾಸಿಗೆ ಏರಿತು. ದೊಡ್ಡ ಮೊತ್ತ ತಿಂಗಳ ಒಂದೇ ದಿನ ಬರುವವರಿಗೂ ಸಲ್ಲದು.

ಇವತ್ತಿನ ದರ ಎಲ್ಲಿ ಸರಿ

ಇನ್ನೂ ಬಾರದ ಹಣಕ್ಕೆ. ಈ ಬಾಕಿ ಇವತ್ತು ಬಂದರೆ ಕೈಗೆ ಎಷ್ಟು ಸಿಗಬಹುದು ಎಂಬ ಪ್ರಶ್ನೆಗೆ ಇವತ್ತಿನ ದರವೇ ಉತ್ತರ. ಅದಕ್ಕೆ ಬೇರೆ ಹಾಳೆ ಇಟ್ಟು, ತೀರದ ಇನ್‌ವಾಯ್ಸುಗಳನ್ನು ಮಾತ್ರ ಅಲ್ಲಿ ತೋರಿಸಿ, ಮೇಲೆ ಆ ದಿನದ ತಾರೀಖು ಕಾಣುವಂತೆ ಮಾಡಿ. ಮಾರಾಟದ ಹಾಳೆಯೊಳಗೆ ಅದನ್ನು ಬಿಟ್ಟುಕೊಳ್ಳಬೇಡಿ.

ಎರಡನೆಯ ಜಾಗ ಸ್ವಲ್ಪ ಸೂಕ್ಷ್ಮ. ಮೇಲಿನ ಪಟ್ಟಿಯಲ್ಲಿ ಒಂದೇ ದರ ಹಿಡಿದಾಗ ಕಂಡ ಶೇಕಡಾ 5ರ ಇಳಿಕೆ ಸಂಪೂರ್ಣ ಸುಳ್ಳೇನಲ್ಲ, ಡಾಲರ್ ಲೆಕ್ಕದಲ್ಲಿ ವ್ಯಾಪಾರ ನಿಜಕ್ಕೂ ಅಷ್ಟು ಕುಗ್ಗಿದೆ. ಗಿರಾಕಿಗಳು ಕಡಿಮೆಯಾಗುತ್ತಿದ್ದಾರೆಯೇ, ಅಥವಾ ರೂಪಾಯಿ ಇಳಿದದ್ದರಿಂದ ಮಾತ್ರ ನಮ್ಮ ಗಲ್ಲಾಪೆಟ್ಟಿಗೆ ತುಂಬಿದಂತೆ ಕಾಣುತ್ತಿದೆಯೇ ಎಂದು ತಿಳಿಯಲು ಈ ನೋಟ ಬೇಕು. ಡಾಲರ್, ಯೂರೋ, ಪೌಂಡ್ ಮೂರರಲ್ಲೂ ಬಿಲ್ ಹಾಕುವವರಿಗೆ ಅದನ್ನು ಒಂದೇ ಸಂಖ್ಯೆಯಲ್ಲಿ ನೋಡಲು ಬೇರೆ ದಾರಿಯೂ ಇಲ್ಲ. ಆದರೆ ಆ ದರ ನಿಂತ ದರವಾಗಿರಬೇಕು, ಉದಾಹರಣೆಗೆ 2022ರ ಮಾರ್ಚ್ 31ರ ದರ, ಮತ್ತು ಕಾಲಂ ತಲೆಯಲ್ಲೇ ಹಾಗೆಂದು ಬರೆದಿರಬೇಕು. ದಿನಾ ಬದಲಾಗುವ ದರ ಹಾಕಿದರೆ ಕಳೆದ ತಿಂಗಳು ತೆಗೆದ ವರದಿಯೂ ಈ ತಿಂಗಳದ್ದೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಅಂದಿನ ದರ ಎಂದರೆ ಯಾರ ದರ?

ದಿನಾಂಕ ಸರಿಯಾದ ಮೇಲೆ ಉಳಿಯುವ ಪ್ರಶ್ನೆ ಇದು, ಉತ್ತರ ಆ ಸಂಖ್ಯೆ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲಿದೆ. ಜಿಎಸ್‌ಟಿಯ 34ನೇ ನಿಯಮದ ಪ್ರಕಾರ ಸರಕಿಗೆ ಕಸ್ಟಮ್ಸ್ ಕಾಯ್ದೆಯಡಿ ಅಧಿಸೂಚಿಸಿದ ದರ, ಸೇವೆಗೆ ಒಪ್ಪಿತ ಲೆಕ್ಕಪತ್ರ ಪದ್ಧತಿಯ ದರ. ಆದ್ದರಿಂದ ಊದುಬತ್ತಿ ಕಳಿಸುವವರ ಜಿಎಸ್‌ಟಿ ಮೊತ್ತಕ್ಕೂ ಬ್ಯಾಂಕಿಗೆ ಬಂದ ಮೊತ್ತಕ್ಕೂ ವ್ಯತ್ಯಾಸ ಇರುವುದು ತಪ್ಪಲ್ಲ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಇಡಿ, ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಲು ಹೋಗಬೇಡಿ.

ವಹಿವಾಟಿನ ದಿನದ ದರವೇ ಎಲ್ಲ ಕಡೆ ಕಾನೂನು ಎಂದೂ ಅಲ್ಲ. 1962ರ ಆದಾಯ ತೆರಿಗೆ ನಿಯಮಗಳ 115ನೇ ನಿಯಮ ವಿದೇಶಿ ಆದಾಯಕ್ಕೆ ಸ್ಟೇಟ್ ಬ್ಯಾಂಕು ಹೊರಗಿನಿಂದ ಬಂದ ಕರೆನ್ಸಿಯನ್ನು ಕೊಳ್ಳುವ ದರವಾದ ಟಿಟಿ ಖರೀದಿ ದರವನ್ನು ಗೊತ್ತುಪಡಿಸಿತು. ಕಂಪನಿ ಕೊಟ್ಟ ಅಮೆರಿಕದ ಷೇರು ಮಾರಿದ ಉದ್ಯೋಗಿಗೆ ಅದು ಹೇಳಿದ ದಿನ ಮಾರಿದ ದಿನವಲ್ಲ, ಮಾರಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನ. ಅಂದರೆ ಷೇರಿನ ಶೀಟಿನಲ್ಲಿ ವಹಿವಾಟಿನ ದಿನಾಂಕದ ಪಕ್ಕ ದರದ ದಿನಾಂಕ ಎಂಬ ಇನ್ನೊಂದು ಕಾಲಂ ಬೇಕು. ರಿಟರ್ನ್ ತುಂಬುವ ವರ್ಷಕ್ಕೆ ಯಾವ ನಿಯಮ ಜಾರಿಯಲ್ಲಿದೆ ಎಂದು ನಿಮ್ಮ ಆಡಿಟರನ್ನು ಕೇಳಿ ಆ ಕಾಲಂ ತುಂಬಿಸಿ.

ಈಗಾಗಲೇ ಕೆಟ್ಟ ಶೀಟನ್ನು ಸರಿಪಡಿಸುವುದು

ಮೊದಲು ಇಡೀ ಶೀಟಿನ ನಕಲು ಮಾಡಿ ಪಕ್ಕಕ್ಕಿಡಿ. ಆಮೇಲೆ ಜನ ಮೊದಲು ಮಾಡುವ ಕೆಲಸವನ್ನು ಮಾಡಬೇಡಿ: ಸೂತ್ರದ ಕಾಲಂ ಆರಿಸಿ ಸಂಖ್ಯೆಯಾಗಿ ಅಂಟಿಸುವುದು. ಹಾಗೆ ಮಾಡಿದರೆ ಮೊತ್ತ ಕದಲುವುದು ನಿಲ್ಲುತ್ತದೆ ನಿಜ, ಆದರೆ ಹಳೆಯ ಎಲ್ಲ ಸಾಲಿನಲ್ಲೂ ಇವತ್ತಿನ ತಪ್ಪು ದರ ಕಾಯಂ ಆಗುತ್ತದೆ. ಇನ್ನು ಮೇಲೆ ಅದು ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ.

ದರ, ದರದ ದಿನಾಂಕ, ದರದ ಮೂಲ ಎಂದು ಮೂರು ಖಾಲಿ ಕಾಲಂ ಸೇರಿಸಿ. ಹಣ ಬಂದ ಸಾಲುಗಳಿಗೆ ಬ್ಯಾಂಕ್ ಅಡ್ವೈಸ್ ತೆಗೆದು ಬರೆಯಿರಿ, ಸಿಗದಿದ್ದರೆ ಶಾಖೆಯಲ್ಲಿ ನಕಲು ಕೇಳಿ. ಇನ್‌ವಾಯ್ಸ್ ದಿನದ ದರಕ್ಕೆ ಉಲ್ಲೇಖ ದರ ಹಾಕಿ. ರಿಟರ್ನಿನಲ್ಲಿ ಆಗಲೇ ಸಲ್ಲಿಸಿದ ಸಾಲುಗಳಿಗೆ ಅಲ್ಲಿ ಬಳಸಿದ ದರವನ್ನು ಒಂದು ಕಾಲಂನಲ್ಲಿ ಹಾಗೆಯೇ ಉಳಿಸಿ. ಅದು ತಪ್ಪೆಂದು ಕಂಡರೆ ಶೀಟಿನಲ್ಲಿ ಗುಟ್ಟಾಗಿ ತಿದ್ದುವ ಬದಲು ಪಟ್ಟಿ ಮಾಡಿ ಆಡಿಟರಿಗೆ ಕೊಡಿ, ರಿಟರ್ನ್ ತಿದ್ದಬೇಕೇ ಎಂದು ಅವರು ಹೇಳುತ್ತಾರೆ.

ಕೊನೆಗೆ ತಾಳೆ. ಒಂದು ವರ್ಷದಲ್ಲಿ ಬಂದ ಹಣದ ರೂಪಾಯಿ ಕಾಲಂ ಕೂಡಿ, ಅದರಿಂದ ಬ್ಯಾಂಕ್ ಖರ್ಚು ಕಳೆದರೆ ಸ್ಟೇಟ್‌ಮೆಂಟಿನ ಜಮಾಗಳ ಮೊತ್ತ ರೂಪಾಯಿ ರೂಪಾಯಿಗೆ ಬರಬೇಕು. ನಮ್ಮ ಉದಾಹರಣೆಯಲ್ಲಿ 3,86,000ದಲ್ಲಿ 2,520 ಕಳೆದರೆ 3,83,480, ಅಷ್ಟೇ ಜಮಾ ಆಗಿದೆ. ಇಂಥ ತಾಳೆ ಸಿಕ್ಕ ವರ್ಷವನ್ನು `Data` > `Protect sheets and ranges` ಮೂಲಕ ಬೀಗ ಹಾಕಿ, ಆ ದಿನದ ಪಿಡಿಎಫ್ ತೆಗೆದಿಟ್ಟು, ನಂತರ ಅದರ ಹಿಂದಿನ ವರ್ಷಕ್ಕೆ ಕೈಹಾಕಿ.